ಎಸ್‌ಎಸ್‌ಬಿ: ಕೊನೆಯವನನ್ನು ದಾಟಿಸುವ ಲೆಕ್ಕ ಮತ್ತು ಅರ್ಜಿಯ ಪ್ರತಿ ಸಾಲಿನ ಹಿಂದಿನ ಬದುಕು

ಸೇನಾಧಿಕಾರಿ ಹುದ್ದೆಗೆ ಆಯ್ಕೆ ಮಾಡುವ ಸರ್ವಿಸಸ್ ಸೆಲೆಕ್ಷನ್ ಬೋರ್ಡ್, ಅಂದರೆ ಎಸ್‌ಎಸ್‌ಬಿಯ ಐದು ದಿನಗಳಲ್ಲಿ ಅಭ್ಯರ್ಥಿಯನ್ನು ಮೂವರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮನಶ್ಶಾಸ್ತ್ರಜ್ಞರು ಅವನ ಬರಹವನ್ನು ಓದುತ್ತಾರೆ, ಜಿಟಿಒ ಎಂದು ಕರೆಯಲಾಗುವ ಗುಂಪು ಪರೀಕ್ಷಾಧಿಕಾರಿ ಮೈದಾನದಲ್ಲಿ ಅವನ ನಡವಳಿಕೆಯನ್ನು ನೋಡುತ್ತಾರೆ, ಸಂದರ್ಶನಾಧಿಕಾರಿ ಅವನ ಈವರೆಗಿನ ಬದುಕನ್ನು ಕೇಳಿ ತಿಳಿಯುತ್ತಾರೆ. ಕೊನೆಯ ದಿನದ ಕಾನ್ಫರೆನ್ಸ್‌ನಲ್ಲಿ ಈ ಮೂರು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೀರ್ಮಾನಿಸಲಾಗುತ್ತದೆ. ಬೆಂಗಳೂರು ಮತ್ತು ಮೈಸೂರಿನ ಆಯ್ಕೆ ಕೇಂದ್ರಗಳಿಗೂ, ಭೋಪಾಲ್ ಅಥವಾ ಪ್ರಯಾಗ್‌ರಾಜ್‌ಗೂ ಹೊರಡುವ ನಮ್ಮ ಹುಡುಗ ಹುಡುಗಿಯರನ್ನು ಸಿದ್ಧಪಡಿಸುವಾಗ, ನಾನು ಮೈದಾನಕ್ಕೆ ಒಂದು ತಯಾರಿ, ಸಂದರ್ಶನಕ್ಕೆ ಇನ್ನೊಂದು ತಯಾರಿ ಎಂದು ಬೇರ್ಪಡಿಸುವುದಿಲ್ಲ. ಎರಡು ಕಡೆಯೂ ಮುಖ್ಯವಾಗಿ ಪರೀಕ್ಷೆಗೊಳಗಾಗುವುದು, ತನ್ನ ಸುತ್ತ ಇರುವವರ ಮೇಲೆ ಅಭ್ಯರ್ಥಿಗೆ ಎಷ್ಟು ಗಮನವಿದೆ ಎಂಬುದೇ.

ಮೈದಾನದ ಕಾರ್ಯಗಳಲ್ಲಿ ಪ್ರೋಗ್ರೆಸಿವ್ ಗ್ರೂಪ್ ಟಾಸ್ಕ್ ಅನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಂಟರಿಂದ ಹತ್ತು ಜನರ ಗುಂಪು, ಒಂದರ ನಂತರ ಒಂದಾಗಿ ಕಠಿಣವಾಗುತ್ತ ಹೋಗುವ ನಾಲ್ಕು ಅಡೆತಡೆಗಳನ್ನು ಹಲಗೆ, ಬಲ್ಲಿ ಎಂದು ಕರೆಯುವ ಉರುಟು ಮರ ಮತ್ತು ಹಗ್ಗದ ನೆರವಿನಿಂದ ದಾಟಬೇಕು. ಜೊತೆಗೆ ಒಂದು ಹೊರೆಯನ್ನೂ ಸಾಗಿಸಬೇಕು. ಗೆರೆಗಳ ನಡುವಿನ ನೆಲವನ್ನು ಮುಟ್ಟುವಂತಿಲ್ಲ, ಕೆಂಪು ಬಣ್ಣದ ಭಾಗವನ್ನು ಮನುಷ್ಯರಾಗಲಿ ಸಾಮಗ್ರಿಯಾಗಲಿ ತಾಗುವಂತಿಲ್ಲ. ನಾಲ್ಕು ಅಡಿಗಿಂತ ಹೆಚ್ಚಿನ ಅಂತರವನ್ನು ನೆಗೆಯದೆ ಸೇತುವೆ ಕಟ್ಟಿಯೇ ದಾಟಬೇಕು. ಹಲಗೆ ಮತ್ತು ಬಲ್ಲಿಯನ್ನು ತುದಿಗೆ ತುದಿ ಕಟ್ಟಿ ಉದ್ದ ಮಾಡಿಕೊಳ್ಳಲು ಅವಕಾಶವಿಲ್ಲ. ಈ ಕೊನೆಯ ನಿಯಮವೇ ಆಟದ ಜೀವಾಳ.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ಬಿಳಿ ಕಟ್ಟೆಗಳ ನಡುವಿನ ಅಂತರ ಹತ್ತು ಅಡಿ, ಹಲಗೆ ಏಳು ಅಡಿ, ಬಲ್ಲಿಯೂ ಏಳು ಅಡಿ ಎಂದಿಟ್ಟುಕೊಳ್ಳಿ. ಹಲಗೆಯನ್ನು ಅರ್ಧದಷ್ಟು, ಅಂದರೆ ಮೂರೂವರೆ ಅಡಿ, ಕಟ್ಟೆಯಾಚೆಗೆ ಚಾಚಿ ಹಿಂದಿನ ತುದಿಯ ಬಳಿ ಇಬ್ಬರು ನಿಂತರೆ, ಮುಂದಿನ ತುದಿಗೆ ಒಬ್ಬ ಹೋಗಿ ಬಲ್ಲಿಯನ್ನು ಆಚೆಯ ಕಟ್ಟೆಗೆ ತಳ್ಳಿ ಇಡಬಹುದು. ಎಲ್ಲರ ತೂಕ ಸುಮಾರು ಅರವತ್ತು ಕಿಲೋ ಎಂದುಕೊಂಡರೆ, ಅಂಚಿನಿಂದ ಮೂರು ಅಡಿ ಹಿಂದೆ ನಿಂತ ಇಬ್ಬರ ಭಾರ, ಮೂರೂವರೆ ಅಡಿ ಮುಂದೆ ನಿಂತ ಒಬ್ಬನನ್ನು ಧಾರಾಳವಾಗಿ ಹೊರುತ್ತದೆ. ಆದರೆ ಅವಸರದಲ್ಲಿ ಇಬ್ಬರು ಒಟ್ಟಿಗೆ ತುದಿಗೆ ಹೋದರೆ ಹಲಗೆ ಮಗುಚುತ್ತದೆ. ಆದ್ದರಿಂದ ಒಬ್ಬೊಬ್ಬರೇ ದಾಟಬೇಕು. ಈ ಹಂತದವರೆಗೆ ಸಾಮಾನ್ಯವಾಗಿ ಎಲ್ಲ ಗುಂಪುಗಳೂ ಬರುತ್ತವೆ.

ನಿಜವಾದ ಕಷ್ಟ ಕೊನೆಯ ಇಬ್ಬರು ಉಳಿದಾಗ ಎದುರಾಗುತ್ತದೆ. ಅವರಲ್ಲಿ ಒಬ್ಬ ಹೊರಟರೆ ಹಿಂದೆ ಉಳಿಯುವುದು ಒಬ್ಬನ ಭಾರ ಮಾತ್ರ, ಅದು ಸಾಲುವುದಿಲ್ಲ. ಇದಕ್ಕೆ ಪರಿಹಾರ ಸೇತುವೆಯನ್ನು ತಿರುಗಿಸುವುದು. ಮುಂದಿನವರು ಬಲ್ಲಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಹಲಗೆಗೆ ಹಗ್ಗ ಕಟ್ಟಿಸಿ ಅದನ್ನೂ ತರಿಸಿಕೊಂಡು, ಈಗ ತಮ್ಮ ಕಟ್ಟೆಯಿಂದ ಹಿಮ್ಮುಖವಾಗಿ ಚಾಚಿ ತಾವೇ ಅದರ ಮೇಲೆ ನಿಲ್ಲಬೇಕು. ಹಲಗೆಯ ತುದಿಯಿಂದ ಬಲ್ಲಿಯನ್ನು ಹಿಂದಿನ ಕಟ್ಟೆಗೆ ಹಾಯಿಸಬೇಕು. ಎಲ್ಲರಿಗಿಂತ ಮೊದಲು ದಾಟಿದವನೇ ಹಗ್ಗದ ಒಂದು ತುದಿಯನ್ನು ಜೊತೆಗೆ ಒಯ್ದಿದ್ದರೆ ಕೆಲಸ ಸಲೀಸು. ಎಲ್ಲರೂ, ಹೊರೆಯೂ ಸಾಮಗ್ರಿಯೂ ಬಂದು ಸೇರುವವರೆಗೆ ಗುಂಪು ಆ ಅಡೆತಡೆಯನ್ನು ದಾಟಿದಂತೆ ಅಲ್ಲ.

ಜಿಟಿಒ ನೋಡುವುದು ಇದನ್ನೇ. ಆರಂಭದಲ್ಲಿ ಜೋರು ದನಿಯಲ್ಲಿ ಉಪಾಯ ಹೇಳುವವನು, ತಾನು ದಾಟಿದೊಡನೆ ಮುಂದಿನ ಅಡೆತಡೆಯ ಕಡೆ ತಿರುಗಿ ಹಿಂದಿನವರಿಗೆ ಬೆನ್ನು ಹಾಕುತ್ತಾನೆ. ಇನ್ನೊಬ್ಬ ತನ್ನ ಉಪಾಯವನ್ನು ಯಾರೂ ಒಪ್ಪಲಿಲ್ಲವೆಂದು ಹಗ್ಗ ಹಿಡಿದು ಒಂದೇ ಕಡೆ ನಿಂತುಬಿಡುತ್ತಾನೆ. ಇವರಿಬ್ಬರಿಗಿಂತ, ಬೇರೆಯವರ ಉಪಾಯವನ್ನೇ ಒಪ್ಪಿ ಹಲಗೆಯ ಮೇಲೆ ಭಾರವಾಗಿ ನಿಂತು, ಅಲ್ಲಿಂದಲೇ ‘ಹಗ್ಗದ ತುದಿ ಆಚೆ ಹೋಗಲಿ, ಕೊನೆಗೆ ಬೇಕಾಗುತ್ತದೆ’ ಎನ್ನುವವನು ಗುಂಪಿಗೆ ಹೆಚ್ಚು ಉಪಯುಕ್ತ, ಹಾಗಾಗಿ ಪರೀಕ್ಷಕರಿಗೂ ಎದ್ದು ಕಾಣುತ್ತಾನೆ. ಕರ್ನಾಟಕದ ಅಭ್ಯರ್ಥಿಗಳು ಇಲ್ಲಿ ಎಡವುವ ಕಾರಣವೊಂದಿದೆ. ಮೈದಾನದ ಗಡಿಬಿಡಿಯಲ್ಲಿ ಗುಂಪು ಸಹಜವಾಗಿ ಹಿಂದಿಗೆ ಹೊರಳುತ್ತದೆ, ನಮ್ಮವರು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಪೂರ್ಣ ವಾಕ್ಯ ಬೇಕಿಲ್ಲ. ಕೈ ತೋರಿಸಿ ಹೇಳುವ ನಾಲ್ಕು ಪದದ ಇಂಗ್ಲಿಷೋ ಹಿಂದಿಯೋ ಸಾಕು. ಊರಿನ ಶಾಲಾ ಬಯಲಿನಲ್ಲಿ ಎರಡು ಬೆಂಚು, ಒಂದು ಹಲಗೆ, ಒಂದು ಹಗ್ಗ ಇಟ್ಟುಕೊಂಡು ಗೆಳೆಯರೊಂದಿಗೆ ಅಭ್ಯಾಸ ಮಾಡುವಾಗ, ಹೀಗೆ ಮಾತನಾಡುವುದನ್ನೂ ರೂಢಿಸಿಕೊಳ್ಳಬೇಕು. ಕಟ್ಟೆಗಳ ಜೋಡಣೆ ಪ್ರತಿ ಕೇಂದ್ರದಲ್ಲೂ ಬೇರೆಯಾಗಿರುವುದರಿಂದ ಉತ್ತರಗಳನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಭಾರ ಎಲ್ಲಿದೆ, ಕೊನೆಯಲ್ಲಿ ಯಾರು ಉಳಿಯುತ್ತಾರೆ ಎಂದು ಯೋಚಿಸುವ ಅಭ್ಯಾಸ ಮಾತ್ರ ಎಲ್ಲ ಕಡೆ ಸಲ್ಲುತ್ತದೆ.

ಸಂದರ್ಶನದ ಆಧಾರ, ಪಿಐಕ್ಯೂ ಎಂಬ ವೈಯಕ್ತಿಕ ಮಾಹಿತಿಯ ಅರ್ಜಿ. ತಂದೆತಾಯಿಯ ವಿದ್ಯೆ, ಉದ್ಯೋಗ, ವರಮಾನ, ನಿಮ್ಮ ಅಂಕಗಳು, ಆಟ, ಹವ್ಯಾಸ, ಹೊತ್ತ ಜವಾಬ್ದಾರಿಗಳು, ಹಿಂದಿನ ಎಸ್‌ಎಸ್‌ಬಿ ಪ್ರಯತ್ನಗಳು ಎಲ್ಲವೂ ಅದರಲ್ಲಿರುತ್ತವೆ. ಅಧಿಕಾರಿ ಅದನ್ನು ಓದಿಕೊಂಡೇ ಕೂತಿರುತ್ತಾರೆ. ಅಲ್ಲಿ ಒಂದೇ ಉಸಿರಿಗೆ ಏಳೆಂಟು ಪ್ರಶ್ನೆಗಳನ್ನು ಕೇಳಿ, ಕ್ರಮವಾಗಿ ಉತ್ತರಿಸಿ ಎನ್ನುವುದು ವಾಡಿಕೆ: ಎಸ್‌ಎಸ್‌ಎಲ್‌ಸಿಯಿಂದ ಈವರೆಗಿನ ಅಂಕಗಳು, ಏರಿಳಿತಕ್ಕೆ ಕಾರಣ, ಇಷ್ಟವಾದ ಶಿಕ್ಷಕರು, ಇಷ್ಟವಾಗದವರು, ಹತ್ತಿರದ ಗೆಳೆಯರು, ಬಿಡುವಿನ ವೇಳೆ, ಹೀಗೆ. ಒಂದನ್ನು ಮರೆತರೆ ‘ಉಳಿದ ಪ್ರಶ್ನೆ ಯಾವುದು ಸರ್’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮರೆತದ್ದನ್ನು ಮುಚ್ಚಲು ಸಿಕ್ಕಿದ್ದನ್ನೆಲ್ಲ ಹೇಳಿದರೆ ಮಾತ್ರ ಉತ್ತರ ದಿಕ್ಕು ತಪ್ಪುತ್ತದೆ.

ಹಾಸನ ಜಿಲ್ಲೆಯ ರೈತ ಕುಟುಂಬದ ಅಭ್ಯರ್ಥಿಯೊಬ್ಬ ನನ್ನೆದುರು ಕುಳಿತ ಮಾದರಿ ಸಂದರ್ಶನದಲ್ಲಿ ರಾಷ್ಟ್ರೀಯ ಸುದ್ದಿಗಳನ್ನೆಲ್ಲ ಸೊಗಸಾಗಿ ಹೇಳಿದ. ತಂದೆಯ ಉದ್ಯೋಗ ಕೃಷಿ ಎಂದು ಬರೆದಿದ್ದರಿಂದ ನಾನು ಮುಂದುವರಿಸಿದೆ: ಎಷ್ಟು ಎಕರೆ, ಏನು ಬೆಳೆ, ಕಳೆದ ಹಂಗಾಮಿನಲ್ಲಿ ಬಿತ್ತನೆ ಆಲೂಗಡ್ಡೆಗೆ ಎಷ್ಟು ಖರ್ಚಾಯಿತು, ಕೂಲಿಗೆ ಎಷ್ಟು, ಮಾರಾಟ ಎಲ್ಲಿ? ಮೊದಲ ಎರಡಕ್ಕೆ ಉತ್ತರ ಬಂತು, ಮುಂದಿನದಕ್ಕೆ ‘ಅಪ್ಪನಿಗೆ ಗೊತ್ತು’ ಎಂದ. ಪಿಯುಸಿಯಲ್ಲಿ ಅಂಕ ಇಳಿದದ್ದಕ್ಕೆ ‘ಅನಾರೋಗ್ಯ’ ಎಂದಿದ್ದ, ಯಾವ ತಿಂಗಳು, ಎಷ್ಟು ದಿನ ಎಂದು ಕೇಳಿದಾಗ ಆ ಮಾತು ನಿಲ್ಲಲಿಲ್ಲ. ಹಾಸ್ಟೆಲಿಗೆ ಹೋದ ಮೊದಲ ವರ್ಷ ಹೊತ್ತು ಹೊಂದಿಸಿಕೊಳ್ಳಲಾಗಲಿಲ್ಲ, ಕನ್ನಡ ಮಾಧ್ಯಮದಿಂದ ಬಂದು ಭೌತಶಾಸ್ತ್ರ ಕಷ್ಟವಾಯಿತು ಎಂಬುದು ನಿಜಸಂಗತಿ. ಅದನ್ನೇ ಹೇಳಿ, ನಂತರ ಏನು ಮಾಡಿದೆ ಎಂದು ಸೇರಿಸಿದರೆ ಅದು ಗಟ್ಟಿ ಉತ್ತರ. ಅಧಿಕಾರಿ ಇಳಿಕೆಯನ್ನು ಕ್ಷಮಿಸುತ್ತಾರೆ, ಕಟ್ಟುಕಥೆಯನ್ನು ಕ್ಷಮಿಸುವುದಿಲ್ಲ.

ಅವನಿಗೆ ನಾನು ಹೇಳಿದ್ದು ಪುಸ್ತಕ ಓದಲು ಅಲ್ಲ. ಊರಿಗೆ ಹೋಗಿ ಒಂದು ಹಂಗಾಮಿನ ಜಮಾಖರ್ಚನ್ನು ಅಪ್ಪನೊಂದಿಗೆ ಕೂತು ಬರೆ, ಮಾರುಕಟ್ಟೆಗೆ ಅವರೊಂದಿಗೆ ಹೋಗು, ತಂಗಿಯ ಕಾಲೇಜು ದಾಖಲಾತಿಯನ್ನು ನೀನೇ ಮುಗಿಸು ಎಂದೆ. ಅರ್ಜಿಯಲ್ಲಿ ಜವಾಬ್ದಾರಿ ಎಂಬ ಕಡೆ ಬರೆಯಲು ಆಗ ನಿಜವಾಗಿ ಏನಾದರೂ ಇರುತ್ತದೆ. ಪ್ರತಿ ಸಾಲಿಗೂ ಮೂರು ಮರುಪ್ರಶ್ನೆ ಹಾಕಿಕೊಂಡು, ಎರಡು ತಿಂಗಳು ಮೊದಲೇ ಅರ್ಜಿಯನ್ನು ಮನೆಯಲ್ಲಿ ತುಂಬಿ ನೋಡುವುದು ಒಳ್ಳೆಯದು. ಹವ್ಯಾಸ ಕ್ರಿಕೆಟ್ ಎಂದು ಬರೆದು ಕೊನೆಯ ಪಂದ್ಯ ಯಾವಾಗ ಆಡಿದೆ ಎಂಬುದಕ್ಕೆ ತಡವರಿಸುವವರು ಆ ಸಾಲನ್ನು ಬಿಡುವುದು ಲೇಸು. ಹಿಂದೆ ತಿರಸ್ಕೃತರಾಗಿದ್ದರೆ ಆ ಸಂಗತಿಯನ್ನು ಬಚ್ಚಿಡದೆ ಬರೆಯಬೇಕು. ಆಮೇಲಿನ ತಿಂಗಳುಗಳಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಅದಕ್ಕೆ ದಿನಚರಿಯಲ್ಲಿ ನಿಜವಾಗಿ ಬದಲಾದ ಒಂದೆರಡು ಸಂಗತಿಗಳನ್ನು ಹೇಳಲು ಸಾಧ್ಯವಾಗಬೇಕು.