ಪೈಲಟ್: ಮೊದಲು ಒಂದೇ ಅಂಗಡಿಯಲ್ಲಿ

ಪೈಲಟ್ ಅಂದ ತಕ್ಷಣ ವಿಮಾನ ನೆನಪಾಗುತ್ತದೆ. ಆದರೆ ಬಂದರಿಗೆ ಬರುವ ಹಡಗನ್ನು ಹತ್ತಿ, ಎಲ್ಲಿ ಆಳವಿದೆ, ಎಲ್ಲಿ ಇಲ್ಲ ಎಂದು ದಾರಿ ತೋರಿಸುವವನಿಗೂ ಪೈಲಟ್ ಎಂದೇ ಹೆಸರು. ವ್ಯಾಪಾರದ ಪೈಲಟ್ ಈ ಎರಡನೆಯವನಿಗೆ ಹತ್ತಿರ. ಹಲವು ಅಂಗಡಿಗಳಿರುವ ಸಂಸ್ಥೆ ಹೊಸ ಬಗೆಯ ಸರಕನ್ನು ಎಲ್ಲ ಕಡೆ ಇಡುವ ಮೊದಲು ಒಂದೇ ಅಂಗಡಿಯಲ್ಲಿ, ಇಷ್ಟು ವಾರ ಎಂದು ಗೊತ್ತುಮಾಡಿಕೊಂಡು ಮಾರಿ ನೋಡುವುದೇ ಪೈಲಟ್. ಆಮೇಲೆ ಎಲ್ಲ ಅಂಗಡಿಗಳಿಗೂ ಕಳಿಸುವುದಕ್ಕೆ ರೋಲ್‌ಔಟ್ ಅನ್ನುತ್ತಾರೆ.

ಸುಮ್ನೆ ನಾಲ್ಕು ಪೆಟ್ಟಿಗೆ ತಂದಿಟ್ಟು ಏನಾಗುತ್ತೋ ನೋಡೋಣ ಅನ್ನುವುದು ಪೈಲಟ್ ಅಲ್ಲ. ಎಷ್ಟು ಮಾರಿದರೆ ಮುಂದುವರಿಯುವುದು, ಎಷ್ಟಕ್ಕಿಂತ ಕಡಿಮೆಯಾದರೆ ಕೈಬಿಡುವುದು ಎಂದು ಶುರುವಿಗೆ ಮೊದಲೇ ಬರೆದಿಟ್ಟಿರಬೇಕು. ಫಲಿತಾಂಶ ಬಂದ ಮೇಲೆ ಗೆರೆ ಎಳೆದರೆ ಎಲ್ಲ ಬಾಣವೂ ಗುರಿಗೇ ಬಿದ್ದಂತೆ ಕಾಣುತ್ತದೆ.

ಜಾಸ್ತಿ ಜನ ಎಡವುವುದು ಲೆಕ್ಕ ಓದುವಾಗ. ಒಂದು ಕಲ್ಪಿತ ಉದಾಹರಣೆ ನೋಡೋಣ. ಒಂದು ಸಂಸ್ಥೆಗೆ 20 ಅಂಗಡಿಗಳಿವೆ. ಹೊಸ ಸೋಪಿನ ಸಾಲೊಂದನ್ನು ಒಂದು ಅಂಗಡಿಯಲ್ಲಿ 8 ವಾರ ಮಾರಿದರು. ಮೊದಲ ವಾರ 95 ಸೋಪು ಹೋದವು. ಎರಡನೆಯ ವಾರ 85, ಮೂರನೆಯ ವಾರ 65. ಹೀಗೇ ಇಳಿದು, ಕೊನೆಯ ನಾಲ್ಕು ವಾರ ವಾರಕ್ಕೆ ಸುಮಾರು 45ಕ್ಕೆ ನಿಂತಿತು.

ಮೊದಲ ಎರಡು ವಾರದ ಅಂಕಿಯಲ್ಲಿ ಬರೀ ಕುತೂಹಲವೇ ಹೆಚ್ಚು. ಸೋಪು ತೀರಿದ ಮೇಲೆ ಅದೇ ಗಿರಾಕಿ ಮತ್ತೆ ಅದನ್ನೇ ಕೇಳಿದರೆ ಅದು ನಿಜವಾದ ಬೇಡಿಕೆ. ಹಾಗಾಗಿ ಒಬ್ಬರು ಆ ವಸ್ತುವನ್ನು ಕನಿಷ್ಠ ಎರಡು ಸಲ ಕೊಳ್ಳುವಷ್ಟು ಕಾಲ ಪೈಲಟ್ ನಡೆಯಬೇಕು. ಸೋಪಿಗೆ 8 ವಾರ ಸಾಕಾಗಬಹುದು. ವರ್ಷಕ್ಕೊಮ್ಮೆ ಕೊಳ್ಳುವ ಚಪ್ಪಲಿಗೆ ಈ ಅಳತೆ ನಡೆಯುವುದಿಲ್ಲ, ಅಲ್ವಾ?

ಸರಿ, ವಾರಕ್ಕೆ 45 ಲಾಭವೇ? ಇನ್ನೂ ಹೇಳಲಾಗದು. ಪೈಲಟ್‌ಗೆ ಮೊದಲು ಈ ಅಂಗಡಿಯಲ್ಲಿ ವಾರಕ್ಕೆ 200 ಹಳೆಯ ಸೋಪು ಹೋಗುತ್ತಿದ್ದವು. ಈಗ ಹಳೆಯದು 175, ಹೊಸದು 45, ಒಟ್ಟು 220. ಹಾಗಾದರೆ 20 ಹೆಚ್ಚಾಯಿತು ಅನ್ನಿಸುತ್ತದೆ. ಆದರೆ ಗಿರಾಕಿಗಳೂ ವ್ಯಾಪಾರವೂ ಹೆಚ್ಚುಕಡಿಮೆ ಹೀಗೇ ಇರುವ, ಹೊಸ ಸೋಪು ಇಡದ ಇನ್ನೊಂದು ಅಂಗಡಿಯನ್ನೂ ನೋಡಬೇಕು. ಇದು ಹೋಲಿಕೆಯ ಅಂಗಡಿ. ಅಲ್ಲಿ ಅದೇ ವಾರಗಳಲ್ಲಿ ಸೋಪಿನ ಮಾರಾಟ 180ರಿಂದ 189ಕ್ಕೆ ಏರಿದೆ, ಅಂದರೆ ನೂರಕ್ಕೆ 5. ಹೊಸ ಸೋಪು ಇಲ್ಲದಿದ್ದರೂ ನಮ್ಮ ಅಂಗಡಿಯಲ್ಲಿ 200 ಇದ್ದದ್ದು 210 ಆಗುತ್ತಿತ್ತು ಎಂದಾಯಿತು. ನಿಜವಾಗಿ ಹೆಚ್ಚಿದ್ದು 10 ಮಾತ್ರ. ಮಿಕ್ಕ 35 ಹಳೆಯ ಸೋಪಿನ ಬಾಯಿಂದ ಕಿತ್ತುಕೊಂಡದ್ದು.

ಇದಕ್ಕೆ ಕ್ಯಾನಿಬಲೈಸೇಶನ್ ಎನ್ನುತ್ತಾರೆ. ನಮ್ಮ ಸರಕೇ ನಮ್ಮ ಸರಕನ್ನು ತಿನ್ನುವುದು. ಹೊಸ ಸೋಪಿನಲ್ಲಿ ಉಳಿಯುವ ಮಾರ್ಜಿನ್ ಹಳೆಯದಕ್ಕಿಂತ ಜಾಸ್ತಿಯಿದ್ದರೆ ತಿಂದರೂ ಚಿಂತೆಯಿಲ್ಲ. ಕಡಿಮೆಯಿದ್ದರೆ ಆ 35ರಲ್ಲಿ ಒಂದೊಂದರ ಮೇಲೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತೇವೆ. 10 ಹೆಚ್ಚು ಮಾರಿದ್ದು ಅದನ್ನು ತುಂಬಿಕೊಡುತ್ತದೆಯೇ ಎಂದು ಲೆಕ್ಕ ಹಾಕಬೇಕು. ಹೊಸ ಸರಕಿನ ಮಾರಾಟವನ್ನಷ್ಟೇ ತೋರಿಸುವ ವರದಿಯನ್ನು ನಾನಂತೂ ನಂಬುವುದಿಲ್ಲ.

ಅಂಕಿ ಕೆಡಿಸುವ ಇನ್ನೊಂದು ಸಂಗತಿ ಖಾಲಿ ಶೆಲ್ಫು. ಶುಕ್ರವಾರ ಸ್ಟಾಕ್ ಮುಗಿದು ಸೋಮವಾರ ಬಂದರೆ, ನಡುವಿನ ದಿನಗಳ ಸೊನ್ನೆ ಬೇಡಿಕೆಯ ಸೊನ್ನೆ ಅಲ್ಲ. ಬಿಲ್ಲಿಂಗ್ ಕಂಪ್ಯೂಟರಿಗೆ ಎರಡೂ ಒಂದೇ. ಆದ್ದರಿಂದ ಖಾಲಿಯಿದ್ದ ದಿನಗಳನ್ನು ಬೇರೆಯಾಗಿ ಗುರುತು ಹಾಕಿಡಬೇಕು.

ಯಾವ ಅಂಗಡಿ ಆರಿಸುವುದು? ಅತಿ ಹೆಚ್ಚು ವ್ಯಾಪಾರವಿರುವ ಅಂಗಡಿ ಬೇಡ, ಸಾಧಾರಣವಾದದ್ದು ಇರಲಿ. ದಿನಾ ಮಾಲೀಕರೇ ಬಂದು ನಿಂತು ವಿಚಾರಿಸುವ ಅಂಗಡಿಯೂ ಬೇಡ. ಅಲ್ಲಿನ ಸಿಬ್ಬಂದಿ ಹೊಸ ಸರಕನ್ನು ಪ್ರತಿ ಗಿರಾಕಿಗೂ ಎತ್ತಿ ತೋರಿಸುತ್ತಾರೆ. ಉಳಿದ 19 ಅಂಗಡಿಗಳಲ್ಲಿ ಅಷ್ಟು ಉಪಚಾರ ಸಿಗುವುದಿಲ್ಲ.

ಇಷ್ಟೆಲ್ಲಾ ಮಾಡಿದರೂ ಒಂದು ಅಂಗಡಿಯ 10 ಅನ್ನು 20ರಿಂದ ಗುಣಿಸಬಾರದು. ವಾರಕ್ಕೆ ಹತ್ತು ಸೋಪಿನ ಏರಿಳಿತ ಯಾವ ಕಾರಣವೂ ಇಲ್ಲದೆ ಆಗಬಹುದು. ಹಿಂದಿನ ವಾರಗಳ ಲೆಕ್ಕ ತೆಗೆದರೆ ಅದು ಕಾಣುತ್ತದೆ. ಒಂದು ಅಂಗಡಿ ಚೆನ್ನಾಗಿ ಹೇಳಿಕೊಡುವುದು ಬೇರೆಯದನ್ನು: ಬಾರ್‌ಕೋಡ್ ಸರಿಯಾಗಿ ಓದುತ್ತದೆಯೇ, ಪೆಟ್ಟಿಗೆ ಶೆಲ್ಫಿನಲ್ಲಿ ಹಿಡಿಸುತ್ತದೆಯೇ, ಗಿರಾಕಿ ಕೇಳುವ ಪ್ರಶ್ನೆಗೆ ಸಿಬ್ಬಂದಿ ಹತ್ತಿರ ಉತ್ತರವಿದೆಯೇ, ವಾಪಸ್ ಬಂದದ್ದು ಎಷ್ಟು. ಈ ತೊಡಕುಗಳನ್ನು ಸರಿಮಾಡಿಕೊಂಡು ಸರಕನ್ನು ಬೇರೆ ಬೇರೆ ಬಗೆಯ ನಾಲ್ಕೈದು ಅಂಗಡಿಗಳಿಗೆ ಕಳಿಸುತ್ತಾರೆ. ಬೇಡಿಕೆಯ ಅಂದಾಜು ಸಿಗುವುದು ಆ ಸುತ್ತಿನಲ್ಲಿ.