ಹೆಸರು ಅಳಿಸಿದರೂ ಡಾಕ್ಟ್ರು ಯಾರು ಅಂತ ಗೊತ್ತಾಗುತ್ತದೆ

"ಹೆಸರು, ಫೋನ್ ನಂಬರ್, ಇಮೇಲ್ ಮೂರೂ ಕಾಲಂ ಡಿಲೀಟ್ ಮಾಡಿದ್ದೀವಿ ಮೇಡಂ. ಇನ್ನು ಕಳಿಸಬಹುದಲ್ವಾ?"

ಸಮ್ಮೇಳನ ಮುಗಿದ ವಾರ ಆಯೋಜಕರು ನನಗೆ ಫೋನ್ ಮಾಡಿ ಕೇಳುವುದು ಹೆಚ್ಚೂಕಡಿಮೆ ಇದನ್ನೇ. ದುಡ್ಡು ಕೊಟ್ಟ ಪ್ರಾಯೋಜಕರು ಬಂದವರ ಪಟ್ಟಿ ಕೇಳುತ್ತಿರುತ್ತಾರೆ, ಇವರಿಗೆ ಅವಸರ. ಕಳಿಸಬೇಡಿ ಅಂದರೆ ಬೇಜಾರಾಗುತ್ತಾರೆ. ಆದರೂ ಹೇಳಲೇಬೇಕು. ಹೆಸರು ಹೋದ ಮೇಲೆ ಉಳಿದ ಕಾಲಂಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಮನುಷ್ಯ ಯಾರು ಅಂತ ತಿಳಿಯುತ್ತದೆ.

ಮಧುಮೇಹದ ಬಗ್ಗೆ ವೈದ್ಯರ ಸಮ್ಮೇಳನ, ಪ್ರಾಯೋಜಕರು ಔಷಧ ಕಂಪನಿ ಅಂದುಕೊಳ್ಳಿ. ಪಟ್ಟಿಯಲ್ಲಿ ಉಳಿದದ್ದು ನಾಲ್ಕೇ ಕಾಲಂ: ಯಾವ ವಿಭಾಗದ ವೈದ್ಯರು, ಯಾವ ಊರು, ಎಷ್ಟು ವರ್ಷದ ಅನುಭವ, ಮತ್ತು "ಈ ಔಷಧ ಬರೆದುಕೊಡುತ್ತೀರಾ?" ಎಂಬ ಪ್ರಶ್ನೆಗೆ ಉತ್ತರ. ಒಂದು ಸಾಲಿನಲ್ಲಿ "ಹಾರ್ಮೋನ್ ತಜ್ಞರು, ಶಿರಸಿ, 22 ವರ್ಷ, ಇಲ್ಲ" ಅಂತಿದೆ. ನಮಗೆ ಅವರು ಯಾರೋ ಗೊತ್ತಿಲ್ಲ. ಆದರೆ ಆ ಭಾಗದಲ್ಲಿ ಓಡಾಡುವ ಮೆಡಿಕಲ್ ರೆಪ್‌ಗೆ ಅಲ್ಲಿನ ಕ್ಲಿನಿಕ್‌ಗಳೆಲ್ಲ ಗೊತ್ತು. ಮುಂದಿನ ವಾರ ಆತ ಬಂದು "ಸರ್, ನಮ್ಮ ಔಷಧ ಬೇಡ ಅಂದಿರಂತೆ, ಯಾಕೆ?" ಅಂತ ಕೇಳಿದರೆ ಆ ಡಾಕ್ಟ್ರಿಗೆ ಹೇಗಾಗಬೇಡ? ಗುಟ್ಟಾಗಿರುತ್ತದೆ ಅಂತ ನಂಬಿ ತಾನೇ ಅವರು ಮನಸ್ಸಿನಲ್ಲಿದ್ದದ್ದನ್ನು ಬರೆದದ್ದು?

ಇದನ್ನು ಪರೀಕ್ಷಿಸುವುದು ಸುಲಭ. ವಿಭಾಗ, ಊರು, ಅನುಭವ ಎಕ್ಸೆಲ್‌ನ B, C, D ಕಾಲಂಗಳಲ್ಲಿದ್ದರೆ, ಖಾಲಿ ಇರುವ ಕಾಲಂನ ಎರಡನೇ ಸಾಲಿನಲ್ಲಿ ಇದನ್ನು ಹಾಕಿ ಕೊನೆಯವರೆಗೂ ಎಳೆಯಿರಿ:

```
=COUNTIFS(B:B,B2,C:C,C2,D:D,D2)
```

ಅದೇ ವಿಭಾಗ, ಅದೇ ಊರು, ಅಷ್ಟೇ ಅನುಭವ ಇರುವವರು ಎಷ್ಟು ಜನ ಅಂತ ಪ್ರತಿ ಸಾಲಿಗೂ ತೋರಿಸುತ್ತದೆ. 1 ಬಂದರೆ ಆ ವ್ಯಕ್ತಿ ಪಟ್ಟಿಯಲ್ಲಿ ಒಂಟಿ. ಮೊದಲ ಸಲ ಮಾಡಿದಾಗ ಕಾಲಂ ತುಂಬಾ 1 ನೋಡಿ ಆಯೋಜಕರು ಸುಮ್ಮನಾಗಿಬಿಡುತ್ತಾರೆ.

ಈಗ ವಿವರಗಳನ್ನು ಅಷ್ಟು ನಿಖರವಾಗಿ ಇಡದೆ ಸ್ಥೂಲ ಮಾಡಬೇಕು. ಊರಿನ ಬದಲು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಾಲ್ಕು ಕಂದಾಯ ವಿಭಾಗ ಹಾಕಿ. 22 ವರ್ಷದ ಬದಲು "20ಕ್ಕಿಂತ ಜಾಸ್ತಿ" ಅನ್ನಿ. ಅಪರೂಪದ ವೈದ್ಯಕೀಯ ವಿಭಾಗಗಳನ್ನೆಲ್ಲ "ಇತರೆ" ಮಾಡಿ. ಮತ್ತೆ ಎಣಿಸಿ. ಯಾವ ಗುಂಪಿನಲ್ಲೂ ಐದಕ್ಕಿಂತ ಕಡಿಮೆ ಜನ ಇರಬಾರದು. ಆರೋಗ್ಯ, ಧರ್ಮ, ಅಭಿಪ್ರಾಯದಂಥ ವಿಷಯವಿದ್ದರೆ ನಾನು ಹತ್ತು ಕೇಳುತ್ತೇನೆ. ಎಷ್ಟು ಸೇರಿಸಿದರೂ ಅಷ್ಟು ಜನ ಆಗದ ಗುಂಪಿನ ಸಾಲುಗಳನ್ನು ತೆಗೆದುಬಿಡಿ.

ಇಷ್ಟಾದರೂ ಪೂರ್ತಿ ಭದ್ರ ಅಂತ ನಾನು ಬರೆದುಕೊಡುವುದಿಲ್ಲ. ಒಂದು ಗುಂಪಿನ ಹತ್ತೂ ಜನ "ಇಲ್ಲ" ಅಂದಿದ್ದರೆ, ಅವರಲ್ಲಿ ಯಾರು ಯಾವ ಸಾಲು ಅಂತ ತಿಳಿಯದೆಯೂ ಎಲ್ಲರ ಉತ್ತರ ತಿಳಿದಂತೆಯೇ. ಅದಕ್ಕೇ ಸಾಲುಗಳನ್ನೇ ಕೊಡದೆ, "ಬೆಳಗಾವಿ ವಿಭಾಗದಿಂದ ಬಂದವರು ಇಷ್ಟು" ಎಂಬಂಥ ಲೆಕ್ಕ ಕೊಡಿ ಅನ್ನುತ್ತೇನೆ. ನಿಮಗೆ ನಿಜವಾಗಿ ಏನು ಬೇಕು ಅಂತ ಪ್ರಾಯೋಜಕರನ್ನೇ ಕೇಳಿ ನೋಡಿ. ಎಷ್ಟೋ ಸಲ ಅವರಿಗೆ ಬೇಕಿರುವುದು ತಮ್ಮ ಮೇಲಿನವರಿಗೆ ತೋರಿಸಲು ಇಂಥ ಒಂದು ಪುಟ. ಬಂದವರಿಗೆ ಫೋನ್ ಮಾಡಲೇಬೇಕು ಅಂದರೆ ಅದು ಬೇರೆ ಮಾತು. ನೋಂದಣಿ ಫಾರಂನಲ್ಲಿ ಆ ಕಂಪನಿಯ ಹೆಸರು ಹೇಳಿ ಪ್ರತ್ಯೇಕವಾಗಿ ಒಪ್ಪಿಗೆ ಕೇಳಿರಬೇಕು, ಒಪ್ಪಿದವರ ನಂಬರ್ ಮಾತ್ರ ಕೊಡಬೇಕು.

"ನಂಬರನ್ನು ಹ್ಯಾಶ್ ಮಾಡಿ ಕೊಡ್ತೀವಿ, ಬರೀ ಅಕ್ಷರಗಳ ಗೋಜಲು ಕಾಣುತ್ತೆ" ಅನ್ನುವವರೂ ಇದ್ದಾರೆ. ಒಂದು ಸೂತ್ರ ಹಾಕಿ ನಂಬರನ್ನು ಗೋಜಲಾಗಿಸುವುದೇ ಹ್ಯಾಶ್, ಅದೇ ಸೂತ್ರ ಹಾಕಿದರೆ ಅದೇ ನಂಬರ್‌ಗೆ ಯಾವಾಗಲೂ ಅದೇ ಗೋಜಲು ಬರುತ್ತದೆ. ನಮ್ಮ ಮೊಬೈಲ್ ನಂಬರ್ ಹತ್ತು ಅಂಕಿ, ಶುರುವಾಗುವುದು 6ರಿಂದ 9ರ ಒಳಗೆ. ಅಂದರೆ ಹೆಚ್ಚೆಂದರೆ 400 ಕೋಟಿ ನಂಬರ್. ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡಲು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ಹೆಚ್ಚು ಹೊತ್ತು ಬೇಕಿಲ್ಲ. ಪ್ರಾಯೋಜಕರಿಗೆ ಅಷ್ಟು ಕಷ್ಟವೂ ಬೇಡ. ತಮ್ಮ ಗ್ರಾಹಕರ ನಂಬರ್‌ಗಳನ್ನು ಅದೇ ರೀತಿ ಹ್ಯಾಶ್ ಮಾಡಿದರೆ ಸಾಕು, ಯಾರ್ಯಾರು ಬಂದಿದ್ದರು ಅಂತ ಸಿಗುತ್ತದೆ.

ಲೆಕ್ಕದ ಪುಟವನ್ನು ಪಿವಟ್ ಟೇಬಲ್‌ನಲ್ಲಿ ಮಾಡಿದ್ದರೆ ಇನ್ನೊಂದು ಎಚ್ಚರಿಕೆ. ಮೂಲ ಹಾಳೆ ಅಳಿಸಿದರೂ ಪಿವಟ್ ಟೇಬಲ್ ಸಾಮಾನ್ಯವಾಗಿ ಆ ಡೇಟಾದ ಪ್ರತಿಯನ್ನು ಒಳಗೇ ಇಟ್ಟುಕೊಂಡಿರುತ್ತದೆ. ಒಂದು ಸಂಖ್ಯೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸ ಹಾಳೆ ತೆರೆದು, ಅದರ ಹಿಂದಿನ ಸಾಲುಗಳು ಹೆಸರು ಸಮೇತ ಬಂದು ಕೂರುತ್ತವೆ. ಟೇಬಲ್ ಕಾಪಿ ಮಾಡಿ, ಹೊಸ ಫೈಲ್‌ನಲ್ಲಿ Paste Special, Values ಆರಿಸಿ. ಆ ಹೊಸ ಫೈಲನ್ನೇ ಕಳಿಸಿ.