ಎರಡು ದಿನಕ್ಕೆ ಒಂದೂವರೆ ಕೆಜಿ ಹೋಗಿದ್ದು ಎಲ್ಲಿಗೆ?

ಅಕ್ಕನ ಮಗ ಮಂಡ್ಯದಲ್ಲಿ ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುತ್ತಾನೆ. ಒಂದು ಬುಧವಾರ ಬೆಳಿಗ್ಗೆ ಫೋನ್ ಮಾಡಿದ. "ಮಾಮ, ಸೋಮವಾರ 73.6 ಇದ್ದೆ, ಇವತ್ತು 72.1. ಕಾರ್ಬ್ ಸೈಕ್ಲಿಂಗ್ ಕೆಲಸ ಮಾಡ್ತಾ ಇದೆ!"

"ಹೋಗಿದ್ದು ನೀರು ಕಣೋ," ಅಂದೆ. ಅವನಿಗೆ ಬೇಜಾರಾಯಿತು.

ಕಾರ್ಬ್ ಅಂದರೆ ಅನ್ನ, ಮುದ್ದೆಯಲ್ಲಿರುವ ಕಾರ್ಬೋಹೈಡ್ರೇಟ್. ಅದನ್ನು ಕೆಲವು ದಿನ ಜಾಸ್ತಿ, ಕೆಲವು ದಿನ ಕಮ್ಮಿ ತಿನ್ನುವುದೇ ಕಾರ್ಬ್ ಸೈಕ್ಲಿಂಗ್. ಜಿಮ್‌ನಲ್ಲಿ ಅವನಿಗೆ ಇದಕ್ಕೊಂದು ಚಾರ್ಟ್ ಕೊಟ್ಟಿದ್ದರು. ಭಾನುವಾರ, ಬುಧವಾರ, ಶುಕ್ರವಾರ ಹೈ ಡೇ, ದಿನಕ್ಕೆ 300 ಗ್ರಾಂ ಕಾರ್ಬ್. ಮಿಕ್ಕ ನಾಲ್ಕು ದಿನ ಲೋ ಡೇ, ದಿನಕ್ಕೆ 100 ಗ್ರಾಂ. ಕಮ್ಮಿ ತಿಂದ ದಿನ ಕೊಬ್ಬು ಕರಗುತ್ತದೆ, ಜಾಸ್ತಿ ತಿಂದ ದಿನ ಮಾಂಸಖಂಡ ತುಂಬಿಕೊಳ್ಳುತ್ತದೆ ಅನ್ನೋದು ಚಾರ್ಟ್‌ನ ಹಿಂದಿರುವ ಮಾತು. ಕೇಳೋಕೆ ಸರಿಯಾಗೇ ಇದೆ. ಆದರೆ ಆ ಒಂದೂವರೆ ಕೆಜಿಯ ಲೆಕ್ಕ ಸ್ವಲ್ಪ ನೋಡೋಣ.

ಒಂದು ಕೆಜಿ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದೂವರೆ ಕೆಜಿಗೆ 11,500. ಅವನ ಮೈಗೆ ದಿನಕ್ಕೆ ಬೇಕಾಗುವುದು ಹೆಚ್ಚುಕಮ್ಮಿ 2,500. ಅಂದರೆ ಎರಡು ದಿನ ಹನಿ ನೀರು ಬಿಟ್ಟು ಏನೂ ತಿನ್ನದೆ ಕೂತಿದ್ದರೂ 5,000 ಅಷ್ಟೇ. ಉಳಿದ 6,500 ಎಲ್ಲಿಂದ ಬರಬೇಕು?

ನಾವು ತಿಂದ ಅನ್ನ, ಮುದ್ದೆಯ ಒಂದು ಭಾಗವನ್ನು ಮೈ ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಡುತ್ತದೆ. ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಇನ್ನೊಂದು 100 ಗ್ರಾಂ. ಇದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರೂ ಕೂತಿರುತ್ತದೆ. ಎರಡು ಲೋ ಡೇಗಳಲ್ಲಿ 300 ಗ್ರಾಂ ಗ್ಲೈಕೋಜನ್ ಖಾಲಿಯಾದರೆ, ಅದರ ಜೊತೆ 900 ಗ್ರಾಂ ನೀರು ಹೊರಗೆ ಹೋಗುತ್ತದೆ. ಅಲ್ಲಿಗೆ 1.2 ಕೆಜಿ ಆಯಿತು. ಊಟ ಕಮ್ಮಿಯಾದಾಗ ಉಪ್ಪೂ ಕಮ್ಮಿ, ಹೊಟ್ಟೆಯಲ್ಲಿರುವ ಸರಕೂ ಕಮ್ಮಿ. ಮಿಕ್ಕ 300 ಗ್ರಾಂ ಬಹುಪಾಲು ಅದೇ. ಗುರುವಾರ ಬೆಳಿಗ್ಗೆ ಅವನು ಮತ್ತೆ 73ರ ಮೇಲೆ ಇದ್ದ. ಫೋನ್ ಮಾತ್ರ ಬರಲಿಲ್ಲ.

ಈ ಖಾಲಿ ಮಾಡಿ ತುಂಬುವ ಯೋಚನೆ ಹುಟ್ಟಿದ್ದಕ್ಕೆ ಒಂದು ಸೊಗಸಾದ ಕಥೆ ಇದೆ. 1966ರಲ್ಲಿ ಸ್ವೀಡನ್ನಿನ ಜೋನಾಸ್ ಬರ್ಗ್‌ಸ್ಟ್ರಾಮ್ ಮತ್ತು ಎರಿಕ್ ಹಲ್ಟ್‌ಮನ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್, ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಇಬ್ಬರೂ ಒಂದೊಂದೇ ಕಾಲಲ್ಲಿ ಪೆಡಲ್ ತುಳಿದರು, ಆ ಕಾಲು ಇನ್ನು ಆಗಲ್ಲ ಅನ್ನುವ ತನಕ. ಇನ್ನೊಂದು ಕಾಲಿಗೆ ರೆಸ್ಟ್. ಆಮೇಲೆ ಮೂರು ದಿನ ಕಾರ್ಬ್ ತುಂಬಿದ ಊಟ. ನಡುನಡುವೆ ತೊಡೆಗೆ ಸೂಜಿ ಚುಚ್ಚಿ ಚೂರು ಮಾಂಸ ತೆಗೆದು ಗ್ಲೈಕೋಜನ್ ಅಳೆದರು. ದಣಿದ ಕಾಲು ಸುಮ್ನಿದ್ದ ಕಾಲಿನ ಎರಡರಷ್ಟು ಗ್ಲೈಕೋಜನ್ ತುಂಬಿಕೊಂಡಿತ್ತು! ಮ್ಯಾರಥಾನ್ ಓಡುವವರು ಓಟದ ಮುಂಚೆ ಗಡದ್ದಾಗಿ ಅನ್ನ, ಪಾಸ್ತಾ ತಿನ್ನುವುದರ ಬೇರು ಇಲ್ಲಿದೆ.

ಆದರೆ ಅಲ್ಲಿ ಕಾಲು ಪೂರ್ತಿ ಬತ್ತಿತ್ತು. ನಮ್ಮ ಹುಡುಗ ಮಾಡುವುದು ಒಂದು ಗಂಟೆ ವೇಟ್ಸ್. ಅದರಲ್ಲೂ ಅರ್ಧ ಹೊತ್ತು ಸೆಟ್‌ಗಳ ನಡುವಿನ ರೆಸ್ಟ್. (ಮತ್ತೆ ಆ ರೆಸ್ಟ್‌ನಲ್ಲಿ ಅರ್ಧ, ಮೊಬೈಲು.) ಇಂಥ ವ್ಯಾಯಾಮದಲ್ಲಿ ದುಡಿದ ಮಾಂಸಖಂಡದ ಗ್ಲೈಕೋಜನ್ ಸಾಮಾನ್ಯವಾಗಿ ಕಾಲು ಭಾಗದಿಂದ ಶೇ 40ರಷ್ಟು ಇಳಿಯುತ್ತದೆ. ಒಂದು ದಿನದ ಮಾಮೂಲಿ ಊಟ ಸಾಕು, ಅದು ತುಂಬಿಕೊಳ್ಳುತ್ತದೆ. ಮುಕ್ಕಾಲು ತುಂಬಿದ ಟ್ಯಾಂಕಿಗೆ ಬೇರೆ ದಿನ ಗೊತ್ತುಮಾಡಿ ಪೆಟ್ರೋಲ್ ಹಾಕಿಸಬೇಕಿಲ್ಲ, ಅಲ್ವಾ? ಬೆಳಿಗ್ಗೆ ಓಟ, ಸಂಜೆ ಸೈಕಲ್ ಅಂತ ದಿನಕ್ಕೆ ಎರಡು ಸಲ ಬೆವರು ಸುರಿಸುವವರ ವಿಷಯ ಬೇರೆ.

ಇನ್ನು ಕೊಬ್ಬು. ಚಾರ್ಟ್ ಪ್ರಕಾರ ವಾರಕ್ಕೆ ಒಟ್ಟು 1,300 ಗ್ರಾಂ ಕಾರ್ಬ್. ಏಳರಿಂದ ಭಾಗಿಸಿದರೆ ದಿನಕ್ಕೆ 186. ಮಿಕ್ಕಿದ್ದೆಲ್ಲ ಅಷ್ಟೇ ಇಟ್ಟು ದಿನಾ 186 ತಿಂದರೂ ವಾರದ ಕ್ಯಾಲೊರಿ ಅಷ್ಟೇ. ಲೋ ಡೇ ದಿನ ಕೊಬ್ಬು ಹೆಚ್ಚು ಉರಿಯುವುದು ನಿಜ. ಹೈ ಡೇ ದಿನ ಕಮ್ಮಿ ಉರಿಯುವುದೂ ಅಷ್ಟೇ ನಿಜ. ಆ ಎರಡನೇ ಮಾತನ್ನು ಚಾರ್ಟ್ ಹೇಳುವುದಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಒಂದು ಪರೀಕ್ಷೆಯ ವರದಿ 2020ರಲ್ಲಿ ಬಂತು. ವೇಟ್ಸ್ ಮಾಡುವ 27 ಜನ, 7 ವಾರ. ಒಂದು ಗುಂಪು ದಿನಾ ಒಂದೇ ಸಮ ಕಮ್ಮಿ ತಿಂದಿತು. ಇನ್ನೊಂದು ಗುಂಪು ಐದು ದಿನ ಇನ್ನೂ ಕಮ್ಮಿ ತಿಂದು, ಎರಡು ದಿನ ಕಾರ್ಬ್ ಏರಿಸಿತು. ಕೊಬ್ಬು ಇಳಿದಿದ್ದು ಹೆಚ್ಚುಕಮ್ಮಿ ಎರಡರಲ್ಲೂ ಒಂದೇ. ಏರಿಸಿದವರಲ್ಲಿ ಕೊಬ್ಬಲ್ಲದ ತೂಕ ಸ್ವಲ್ಪ ಜಾಸ್ತಿ ಉಳಿಯಿತು. ಹಾಗಾಗಿ ಇದು ಪೂರ್ತಿ ಬುರುಡೆ ಅನ್ನಲಾರೆ. ಆದರೆ ಅಷ್ಟು ಸಣ್ಣ ಗುಂಪಿನ ಮೇಲೆ ಪಂಥ ಕಟ್ಟುವುದಕ್ಕೂ ನಾನು ತಯಾರಿಲ್ಲ.

ಎರಡು ವಾರ ಆದಮೇಲೆ ಅವನು ಚಾರ್ಟ್ ಹಿಡಿದುಕೊಂಡು ಮನೆಗೇ ಬಂದ. "ಲೋ ಡೇ ದಿನ ತಲೆ ಸುತ್ತುತ್ತೆ ಮಾಮ. ಸ್ಕ್ವಾಟ್‌ನಲ್ಲಿ ಹಳೇ ತೂಕ ಏಳ್ತಾ ಇಲ್ಲ." ಏನು ತಿಂತೀಯ ಅಂತ ಕೇಳಿದೆ. "ಅರ್ಧ ಮುದ್ದೆ, ಉಪ್ಸಾರು, ಸೊಪ್ಪು, ಮೊಟ್ಟೆ. ಅರ್ಧ ಮುದ್ದೆಗೇ ನೂರು ಗ್ರಾಂ ಕಾರ್ಬ್ ಮುಗಿದುಹೋಗುತ್ತೆ."

ನೂರು ಗ್ರಾಮಾ? ಅಡುಗೆಮನೆಗೆ ಹೋಗಿ ತಕ್ಕಡಿ ತೆಗೆದೆವು. ಬೆಂದ ಮುದ್ದೆ ಒಂದಕ್ಕೆ 290 ಗ್ರಾಂ ಇತ್ತು. ಅವನು ಮೊಬೈಲಿನಲ್ಲಿ ರಾಗಿ, 290 ಗ್ರಾಂ ಅಂತ ಹಾಕುತ್ತಿದ್ದ. ಅದು ಹಿಟ್ಟಿನ ಲೆಕ್ಕ ಹಿಡಿದು 194 ಗ್ರಾಂ ಕಾರ್ಬ್ ಅಂತ ತೋರಿಸುತ್ತಿತ್ತು. ಆ ಮುದ್ದೆಗೆ ಬಿದ್ದಿದ್ದ ಹಿಟ್ಟು 100 ಗ್ರಾಂ, ಮಿಕ್ಕಿದ್ದು ನೀರು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬ್ ಸುಮಾರು 67 ಗ್ರಾಂ. ಅರ್ಧ ಮುದ್ದೆಗೆ ಬರೀ 33! ಪಾಪ, ವಾರದಲ್ಲಿ ನಾಲ್ಕು ದಿನ ಚಾರ್ಟ್ ಹೇಳಿದ್ದರ ಅರ್ಧವೂ ತಿನ್ನದೆ ಕಾಲಿನ ವ್ಯಾಯಾಮಕ್ಕೆ ಹೋಗುತ್ತಿದ್ದ. ಅನ್ನಕ್ಕೂ ಇದೇ ತಪ್ಪು ಆಗುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಕಾರ್ಬ್, ನೂರು ಗ್ರಾಂ ಅನ್ನದಲ್ಲಿ ಮೂವತ್ತರ ಆಸುಪಾಸು.

ಹಾಗಾದರೆ ತೂಕ ಭರ್ರನೆ ಇಳಿಯಬೇಕಿತ್ತು, ಯಾಕೆ ಇಳಿಯಲಿಲ್ಲ? ಉತ್ತರ ಭಾನುವಾರದಲ್ಲಿತ್ತು. ಮೂರು ಹೊತ್ತು ಹಸಿದವನಿಗೆ ಹೈ ಡೇ ಅಂದರೆ ಹಬ್ಬ. ನಾಟಿ ಕೋಳಿ ಸಾರು, ಎರಡು ಮುದ್ದೆ, ಅನ್ನ, ಸಂಜೆ ಮದ್ದೂರು ವಡೆ, ರಾತ್ರಿ ಎರಡು ಪೀಸ್ ಮೈಸೂರು ಪಾಕ್. ವಡೆಯ ಎಣ್ಣೆ, ಪಾಕಿನ ತುಪ್ಪ ಕಾರ್ಬ್ ಅಲ್ಲವಲ್ಲ, ಅದಕ್ಕೇ ಚಾರ್ಟ್‌ನ ಲೆಕ್ಕಕ್ಕೆ ಸೇರಲೇ ಇಲ್ಲ. ಆದರೆ ಗ್ರಾಂಗೆ ಕಾರ್ಬ್‌ನದು 4 ಕ್ಯಾಲೊರಿ, ಕೊಬ್ಬಿನದು 9. ನಾಲ್ಕು ದಿನ ಉಳಿಸಿದ್ದು ಮೂರು ದಿನದಲ್ಲಿ ಕರಗಿಹೋಗುತ್ತಿತ್ತು.

ಇದು ಅವನಿಗೆ ಮುಂಚೆಯೇ ಗೊತ್ತಾಗಬಹುದಿತ್ತು. ದಿನಾ ಬೆಳಿಗ್ಗೆ ಬರೆದಿಟ್ಟ ತೂಕದಲ್ಲಿ ಒಂದೊಂದು ದಿನ ನೋಡುವ ಬದಲು ಏಳೇಳು ದಿನದ ಸರಾಸರಿ ತೆಗೆದೆವು. ಮೊದಲ ವಾರ 72.8, ಎರಡನೇ ವಾರ 72.7. ಮೇಲೆ ಕೆಳಗೆ ಕುಣಿದಿದ್ದೆಲ್ಲ ನೀರು.

ಹೀಗೆ ದಿನ ಬಿಟ್ಟು ದಿನ ಏರಿಳಿಸುವುದು ಕೆಲವರಿಗೆ ಒಗ್ಗುತ್ತದೆ. ಭಾನುವಾರ ಮನೆಮಂದಿ ಜೊತೆ ಹೊಟ್ಟೆತುಂಬ ಉಂಡು, ಸೋಮವಾರ ಹಗುರವಾಗಿ ಇರಬಲ್ಲವರು ಹಾಗೇ ಮಾಡಲಿ, ನಷ್ಟವಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಲೋ ಡೇ ಮಾಡಬಾರದು. ಔಷಧಿಯ ಡೋಸ್ ಅಷ್ಟೇ ಇದ್ದು ಊಟ ಇಳಿದರೆ ರಕ್ತದ ಸಕ್ಕರೆ ದಢಾರನೆ ಬೀಳಬಹುದು.

ಅವನು ಈಗ ದಿನಾ 185 ಗ್ರಾಂ ಆಸುಪಾಸಿನಲ್ಲಿದ್ದಾನೆ. ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಇನ್ನೊಂದು, ಉಳಿದದ್ದು ಬೆಳಗಿನ ತಿಂಡಿ, ಹಾಲು, ಹಣ್ಣು. ನಾಲ್ಕು ವಾರಕ್ಕೆ ಸರಾಸರಿ 71.5ಕ್ಕೆ ಬಂದಿದೆ, ಸ್ಕ್ವಾಟ್ ಹಳೇ ತೂಕಕ್ಕೆ ವಾಪಸ್ಸು. ಇದು ಒಂದೇ ಸಮ ತಿಂದಿದ್ದಕ್ಕೋ, ಲೆಕ್ಕ ಸರಿಹೋಗಿದ್ದಕ್ಕೋ ಅಂದರೆ ಎರಡನೆಯದು ಅಂತಲೇ ನನ್ನ ಅನುಮಾನ. ಅಕ್ಕ ಹಿಟ್ಟಿನ ಡಬ್ಬಿಯಲ್ಲಿ ನೂರು ಗ್ರಾಂ ಹಿಡಿಯುವ ಒಂದು ಸ್ಟೀಲ್ ಲೋಟ ಇಟ್ಟಿದ್ದಾಳೆ. ಅವನ ಮುದ್ದೆಗೆ ತಲೆತಟ್ಟಿ ಒಂದು ಲೋಟ.